ಹಳಿ ನೆಟ್ಟಗಿದ್ದರೆ ಗೇಟು ನೆಟ್ಟಗೆ

ಸ್ಲೈಡಿಂಗ್ ಗೇಟು ಓಡುವಾಗ ಒಂದೆಡೆ ಬಿಗಿದು ನಿಂತರೆ, ಕಿರುಗುಟ್ಟಿದರೆ, ವಾಲಿದಂತೆ ಕಂಡರೆ, ಎಲ್ಲರ ಕಣ್ಣೂ ಮೊದಲು ಹೋಗುವುದು ಮೇಲಿನ ರೋಲರ್ ಕಡೆಗೆ. ವೆಲ್ಡರ್ ಬರುತ್ತಾನೆ, ಸ್ಪ್ಯಾನರ್ ಹಾಕಿ ರೋಲರನ್ನು ಸ್ವಲ್ಪ ಸಡಿಲಿಸುತ್ತಾನೆ ಅಥವಾ ಬಿಗಿಯುತ್ತಾನೆ. "ಈಗ ನೋಡಿ ಸಾರ್, ಬೆಣ್ಣೆ ಥರ ಹೋಗುತ್ತೆ" ಎನ್ನುತ್ತಾನೆ. ಆ ದಿನ ಹೋಗುತ್ತದೆ ಕೂಡ. ಆರು ತಿಂಗಳು ಕಳೆಯುವಷ್ಟರಲ್ಲಿ ನೈಲಾನ್ ರೋಲರ್ ಒಂದು ಕಡೆ ಸವೆದು ಮತ್ತೆ ಅದೇ ಕಥೆ. ರೋಲರ್ ಬದಲಾಯಿಸಿದರೂ ಅಷ್ಟೇ. ತಪ್ಪು ರೋಲರಿನದಲ್ಲ. ಬಹುಪಾಲು ಸಂದರ್ಭಗಳಲ್ಲಿ ಅದು ನೆಲದಲ್ಲಿರುತ್ತದೆ, ಗೇಟು ಬರುವುದಕ್ಕೂ ಮುಂಚೆಯೇ ಕಾಂಕ್ರೀಟಿನಲ್ಲಿ ಕೂತುಬಿಟ್ಟಿರುತ್ತದೆ.

ಇಂಥ ಗೇಟಿನಲ್ಲಿ ಕೆಲಸ ಹಂಚಿಕೆಯಾಗಿರುವ ರೀತಿ ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ನೆಲದ ಹಳಿ, ಅಂದರೆ ಟ್ರ್ಯಾಕು, ಗೇಟಿನ ಪೂರ್ತಿ ಭಾರ ಹೊರುತ್ತದೆ. ಗೇಟು ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನೂ ಅದೇ ತೀರ್ಮಾನಿಸುತ್ತದೆ. ಮೇಲಿನ ರೋಲರ್ ಮಾಡುವುದು ಒಂದೇ ಕೆಲಸ: ಗೇಟು ಆಚೆಗೋ ಈಚೆಗೋ ಬೀಳದಂತೆ ತಡೆಯುವುದು. ಸೈಕಲ್ ಕಲಿಯುವವರ ಹಿಂದೆ ಸೀಟು ಹಿಡಿದು ಓಡುವವರ ಕೈ ಎಷ್ಟು ಮಾಡುತ್ತದೋ ಅಷ್ಟೇ. ಗೇಟು ನೆಟ್ಟಗಿದ್ದಾಗ ಆ ರೋಲರಿಗೆ ಹೆಚ್ಚು ಭಾರವೇ ಇರುವುದಿಲ್ಲ. ಐದು ಅಡಿ ಎತ್ತರದ, 130 ಕೆ.ಜಿ. ತೂಕದ ಗೇಟು ಮೇಲ್ತುದಿಯಲ್ಲಿ ಪೂರ್ತಿ ಒಂದು ಇಂಚು ವಾಲಿದ್ದರೂ ರೋಲರಿನ ಮೇಲೆ ಬೀಳುವ ಒತ್ತು ಒಂದು ಕೆ.ಜಿ. ಆಸುಪಾಸು ಮಾತ್ರ. ಆದರೆ ನೆಲದ ಹಳಿ ಸೊಟ್ಟಗಿದ್ದು, ಚಕ್ರ ಒಂದು ಕಡೆಗೆ ಎಳೆಯುತ್ತಿರುವಾಗ ರೋಲರ್ ಇನ್ನೊಂದು ಕಡೆಗೆ ಹಿಡಿದರೆ ಲೆಕ್ಕ ತಪ್ಪುತ್ತದೆ. ಆಗ ಗೇಟಿನ ಚೌಕಟ್ಟೇ ಎರಡರ ನಡುವೆ ತಿರುಚಿಕೊಳ್ಳುತ್ತದೆ, ಆ ತಿರುಚನ್ನು ಹೊತ್ತು ಸವೆಯುವುದು ರೋಲರು.

ನಮ್ಮೂರುಗಳಲ್ಲಿ ತೀರಾ ಸಾಮಾನ್ಯವಾದ ಒಂದು ಮನೆಯನ್ನೇ ಮಾದರಿಯಾಗಿ ತೆಗೆದುಕೊಳ್ಳೋಣ: 30x40 ಸೈಟು, 30 ಅಡಿಯ ಬದಿ ರಸ್ತೆಗೆ. ಇಂಥ ಕಡೆ ಎರಡು ಬಾಗಿಲಿನ ತೆರೆಯುವ ಗೇಟು ಇಟ್ಟರೆ ಒಳಗೆ ಕಾರು ನಿಂತಾಗ ಬಾಗಿಲು ತಿರುಗಲು ಜಾಗವಿರುವುದಿಲ್ಲ, ಹೊರಗೆ ತೆರೆದರೆ ಫುಟ್‌ಪಾತ್ ಮೇಲೆ ಬರುತ್ತದೆ. ಹಾಗಾಗಿ ಸ್ಲೈಡಿಂಗ್. ಆದರೆ ಸ್ಲೈಡಿಂಗ್ ಗೇಟಿಗೆ ಬೇಕಾದ ಉದ್ದವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಕಾರು ಬರುವ ಜಾಗ 12 ಅಡಿ ಇದ್ದರೆ 12 ಅಡಿಯ ಗೇಟು ಸಾಕು ಎಂಬುದು ಮೊದಲ ತಪ್ಪು. ಮುಚ್ಚಿದಾಗ ಗೇಟಿನ ಮುಂದಿನ ತುದಿ ಎದುರಿನ ಕಂಬದ ಕ್ಯಾಚರಿನೊಳಗೆ ಮೂರು ಇಂಚಾದರೂ ಹೋಗಬೇಕು. ಹಿಂದಿನ ತುದಿ ಈಚೆ ಕಂಬವನ್ನು ದಾಟಿ ಇನ್ನೂ ಒಂಬತ್ತು ಇಂಚಾದರೂ ಹಿಂದಕ್ಕೆ ಉಳಿದಿರಬೇಕು. ಗೈಡ್ ರೋಲರ್ ಹಿಡಿದುಕೊಳ್ಳುವುದು ಆ ಒಂಬತ್ತು ಇಂಚನ್ನೇ. ಅಲ್ಲಿಗೆ ಗೇಟು 13 ಅಡಿಯಾಯಿತು.

ತೆರೆದಾಗ ಈ 13 ಅಡಿಯೂ ಕಾಂಪೌಂಡಿನ ಹಿಂದೆ ಸರಿದು ನಿಲ್ಲಬೇಕು. ಎದುರಿನ ಕಂಬಕ್ಕೆ ಒಂದು ಅಡಿ, ಬಾಯಿಗೆ 12, ಗೇಟು ನಿಲ್ಲಲು 13: ಒಟ್ಟು 26 ಅಡಿ. ಎರಡು ಪಕ್ಕದ ಗೋಡೆ ಕಳೆದು ಒಳಗೆ ಸಿಗುವುದು 29 ಅಡಿಯಷ್ಟು. ಉಳಿದ ಮೂರು ಅಡಿಯೊಳಗೆ ಹಿಂದಿನ ಸ್ಟಾಪರ್ ಮತ್ತು ಜನ ಓಡಾಡುವ ಚಿಕ್ಕ ಗೇಟು ಎರಡೂ ಸೇರಬೇಕು. ಚಿಕ್ಕ ಗೇಟನ್ನು ಗೇಟು ಸರಿಯುವ ದಾರಿಯ ಮಧ್ಯದಲ್ಲೇ ಇಟ್ಟು, ಕಾರು ಹೊರಗೆ ತೆಗೆಯುವಾಗಲೆಲ್ಲ ಅದನ್ನು ಮುಚ್ಚಿಬಿಡುವ ಮನೆಗಳು ಬೇಕಾದಷ್ಟಿವೆ. ಜಾಗ ಸಾಲದು ಎಂದಾಗ ಆ ಹಿಂದಿನ ಒಂಬತ್ತು ಇಂಚನ್ನು ಕತ್ತರಿಸುವವರೂ ಇದ್ದಾರೆ. ಆಗ ಮುಚ್ಚಿದ ಗೇಟಿನ ಹಿಂತುದಿ ರೋಲರಿನಿಂದ ಹೊರಬರುವ ಅಂಚಿನಲ್ಲಿರುತ್ತದೆ. ಒಬ್ಬರು ಜೋರಾಗಿ ಎಳೆದರೆ ಸಾಕು. ಬಾಯಿಯನ್ನೇ 11 ಅಡಿಗೆ ಇಳಿಸಿದರೂ ಪರವಾಗಿಲ್ಲ, ಹಿಂದಿನ ಉದ್ದಕ್ಕೆ ಕೈ ಹಾಕಬಾರದು.

ಈಗ ನೆಲಕ್ಕೆ ಬರೋಣ. ಮಾತು ಹೆಚ್ಚು ಬೇಕಾಗುವುದು ಇಲ್ಲೇ.

ಹಳಿಯನ್ನು ಸಿಮೆಂಟ್ ಇಟ್ಟಿಗೆಯ ಮೇಲೋ, ಪೇವರ್ ಮೇಲೋ, ಗ್ರಾನೈಟಿನ ಮೇಲೆ ಸ್ಕ್ರೂ ಹಾಕಿಯೋ ಕೂರಿಸಿದರೆ ಅದು ಉಳಿಯುವುದಿಲ್ಲ. ಗೇಟಿನ 130 ಕೆ.ಜಿ. ದೊಡ್ಡ ಭಾರವಲ್ಲ, ದಿನಕ್ಕೆ ನಾಲ್ಕು ಸಲ ಹಳಿಯನ್ನು ಅಡ್ಡ ದಾಟುವ ಕಾರಿನ ಚಕ್ರ ದೊಡ್ಡದು. ಅದೂ ಸದಾ ಒಂದೇ ಎರಡು ಜಾಗದಲ್ಲಿ ದಾಟುತ್ತದೆ. ಅಲ್ಲಿ ಪೇವರ್ ಕುಸಿದರೆ ಹಳಿಯೂ ಕುಸಿಯುತ್ತದೆ. ಆದ್ದರಿಂದ ಹಳಿಯ ಪೂರ್ತಿ ಉದ್ದಕ್ಕೆ, ಅಂದರೆ ನಮ್ಮ ಮಾದರಿಯಲ್ಲಿ ಸುಮಾರು 24 ಅಡಿಗೆ, ಒಂದೇ ಅಖಂಡ ಕಾಂಕ್ರೀಟ್ ದೂಲ ಬೇಕು: ಒಂಬತ್ತು ಇಂಚು ಅಗಲ, ಒಂಬತ್ತರಿಂದ ಹನ್ನೆರಡು ಇಂಚು ಆಳ, ಕೆಳಗೆ ಎರಡು ಮೇಲೆ ಎರಡು ಕಂಬಿ, ನಡುವೆ ರಿಂಗು. ಬಾಯಿಯ ಜಾಗಕ್ಕೆ ಮಾತ್ರ ಕಾಂಕ್ರೀಟ್ ಹಾಕಿ, ಗೇಟು ಸರಿದು ನಿಲ್ಲುವ ಕಡೆ ಮಣ್ಣಿನ ಮೇಲೆ ಹಳಿ ಬಿಡುವುದು ಉಳಿತಾಯವಲ್ಲ. ಎರಡೂ ಬೇರೆ ಬೇರೆ ಕುಸಿಯುತ್ತವೆ, ಸೇರುವ ಜಾಗದಲ್ಲಿ ಮೆಟ್ಟಿಲಾಗುತ್ತದೆ.

ಹಳಿ ಎಂದರೆ ನಮ್ಮಲ್ಲಿ ಹೆಚ್ಚಾಗಿ ಎರಡು ಬಗೆ. ಒಂದು, ಪಟ್ಟಿಯ ಮೇಲೆ ಬೆಸೆದ ದುಂಡು ಕಂಬಿ; ಅದರ ಮೇಲೆ ಯು ಆಕಾರದ ಗಾಡಿಯ ಚಕ್ರ. ಇನ್ನೊಂದು, ಎಲ್ ಆಂಗಲನ್ನು ಬೆನ್ನು ಮೇಲಾಗಿ ಕವುಚಿ ಹಾಕುವುದು. ಅದರ ಮೇಲೆ ವಿ ಗಾಡಿಯ ಚಕ್ರ. ಸಿ ಚಾನೆಲ್ಲನ್ನು ಬಾಯಿ ಮೇಲಾಗಿ ಹೂತು ಅದರೊಳಗೆ ಚಕ್ರ ಓಡಿಸುವ ಹಳೆಯ ಪದ್ಧತಿ ಮಾತ್ರ ಬೇಡ. ಮೊದಲ ಮಳೆಗೇ ಮಣ್ಣು ತುಂಬಿಕೊಳ್ಳುತ್ತದೆ. ನಾನು ಇಲ್ಲಿ ಕವುಚಿದ ಆಂಗಲನ್ನೇ ಹಿಡಿದು ಹೇಳುತ್ತೇನೆ. 40x40x5 ಮಿ.ಮೀ. ಆಂಗಲನ್ನು ಕವುಚಿದರೆ ಬೆನ್ನಿನಿಂದ ಪಾದದವರೆಗೆ 28 ಮಿ.ಮೀ. ಎತ್ತರ. ಅದರಲ್ಲಿ ಅರ್ಧದಷ್ಟು ನೆಲದೊಳಗೆ ಹುದುಗಿ, 15 ಮಿ.ಮೀ. ಮೇಲೆ ಉಳಿದರೆ ಕಾರಿಗೂ ಅಡ್ಡಿಯಿಲ್ಲ, ಚಕ್ರಕ್ಕೂ ಹಿಡಿತ ಸಿಗುತ್ತದೆ.

ಕೂರಿಸುವ ಕ್ರಮ ಹೀಗೆ. ದೂಲ ಹಾಕುವಾಗಲೇ ನಡುಗೆರೆಯಲ್ಲಿ ಎರಡೆರಡು ಅಡಿಗೊಂದು ಕಂಬಿ ಮೇಲೆ ಚಾಚಿರುವಂತೆ ಬಿಟ್ಟು, ಮೇಲ್ಭಾಗದಲ್ಲಿ ಮೂರು ಇಂಚಿನಷ್ಟು ಹಳ್ಳ ಉಳಿಸಿಕೊಳ್ಳಬೇಕು. ಆ ಕಾಂಕ್ರೀಟು ಗಟ್ಟಿಯಾದ ಮೇಲೆ ಆಂಗಲನ್ನು ಈ ಕಂಬಿಗಳ ಮೇಲೆ ಕೂರಿಸಿ, ಮಟ್ಟ ನೋಡಿ, ಒಂದೊಂದು ಟ್ಯಾಕ್ ಹಾಕಿ ನಿಲ್ಲಿಸುವುದು. ಮಟ್ಟಕ್ಕೆ 24 ಅಡಿಯ ಉದ್ದದಲ್ಲಿ ಗಾರೆಯವರ ಎರಡಡಿಯ ರಸಮಟ್ಟವನ್ನು ನಂಬಬೇಡಿ. ಪ್ರತಿ ಸಲ ಕೂದಲೆಳೆಯಷ್ಟು ತಪ್ಪಿದರೂ ಹನ್ನೆರಡು ಸಲ ಜರುಗಿಸುವಷ್ಟರಲ್ಲಿ ಅದು ಕೂಡಿಕೊಳ್ಳುತ್ತದೆ. ನೀರು ತುಂಬಿದ ಪಾರದರ್ಶಕ ಪೈಪು, ಮೇಸ್ತ್ರಿಗಳ ಟ್ಯೂಬ್ ಲೆವೆಲ್, ಇದಕ್ಕೆ ಸಾಟಿಯಿಲ್ಲದ ಸಾಧನ. ಒಳಗೆ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡರೆ ಸಾಕು. ಈ ತುದಿಗೂ ಆ ತುದಿಗೂ ಮೂರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರಬಾರದು.

ಇಲ್ಲೇ ಬೆಂಗಳೂರು, ಮಂಗಳೂರಿನಂಥ ಏರುತಗ್ಗಿನ ಊರುಗಳ ತೊಡಕು ಎದುರಾಗುತ್ತದೆ. ಕಾರು ರಸ್ತೆಯಿಂದ ಒಳಗೆ ಏರಿ ಬರುವ ಇಳಿಜಾರು ಹಳಿಗೆ ಅಡ್ಡಲಾಗಿರುವುದರಿಂದ ಗೇಟಿಗೆ ತೊಂದರೆಯಿಲ್ಲ. ಆದರೆ ರಸ್ತೆಯೇ ಮನೆಯ ಮುಂದೆ ಎಡದಿಂದ ಬಲಕ್ಕೆ ಇಳಿಯುತ್ತಿದ್ದರೆ ಕಷ್ಟ. 24 ಅಡಿಯಲ್ಲಿ ನಾಲ್ಕು ಇಂಚು ಇಳಿದಿದೆ ಎನ್ನೋಣ. ಕಣ್ಣಿಗೆ ಕಾಣುವುದೂ ಇಲ್ಲ. ನೆಲ ಹೇಗಿದೆಯೋ ಹಾಗೇ ಹಳಿ ಹಾಕಿದರೆ ಗೇಟಿನ ತೂಕದ ನೂರರಲ್ಲಿ ಒಂದೂವರೆ ಪಾಲಿನಷ್ಟು, ಅಂದರೆ ಸುಮಾರು ಎರಡು ಕೆ.ಜಿ., ಸದಾ ಇಳಿಜಾರಿನ ಕಡೆಗೆ ಎಳೆಯುತ್ತಿರುತ್ತದೆ. ಆ ಕಡೆಗೆ ತಳ್ಳಿದ ಗೇಟು ಬೇಗ ನಿಲ್ಲುವುದಿಲ್ಲ. ಜೋರಾಗಿ ತಳ್ಳಿದರೆ ಹೋಗಿ ಸ್ಟಾಪರಿಗೆ ಬಡಿಯುತ್ತದೆ. ಹಾಗಾಗಿ ರಸ್ತೆ ಎಷ್ಟೇ ಇಳಿಯಲಿ, ಹಳಿ ಮಾತ್ರ ಮಟ್ಟವಾಗಿರಬೇಕು. ತಗ್ಗಿನ ಕಡೆ ಹಳಿಯ ದೂಲ ನಾಲ್ಕು ಇಂಚು ಎದ್ದು ಕಾಣುತ್ತದೆ, ಹೊರಗಿನ ರ‍್ಯಾಂಪನ್ನು ಆ ಕಡೆ ಸ್ವಲ್ಪ ಹೆಚ್ಚು ಏರಿಸಿ ತಿರುವಿ ಸೇರಿಸಬೇಕಾಗುತ್ತದೆ. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ ಎಂದು ಗೊಣಗುವವರಿರುತ್ತಾರೆ. ಗೊಣಗಲಿ.

ಮಟ್ಟಕ್ಕಿಂತಲೂ ಮುಖ್ಯವಾದದ್ದು ನೇರ. ಹಳಿ ಒಂದು ಕಡೆ ಏರಿಳಿದರೆ ಗೇಟು ಮೂಗು ತಗ್ಗಿಸಿ ಎತ್ತುತ್ತದೆ, ಅಷ್ಟೇ; ಮೇಲಿನ ರೋಲರಿಗೆ ಅದರ ಗೊಡವೆಯಿಲ್ಲ. ಹಳಿ ಪಕ್ಕಕ್ಕೆ ಬಾಗಿದರೆ ಗೇಟಿನ ಬುಡವೇ ಪಕ್ಕಕ್ಕೆ ಹೋಗುತ್ತದೆ, ತಲೆಯನ್ನು ರೋಲರ್ ಬಿಡುವುದಿಲ್ಲ, ಜಗಳ ಶುರುವಾಗುತ್ತದೆ. ನೇರ ನೋಡಲು ದಾರ ಕಟ್ಟುತ್ತಾರೆ, ಆದರೆ ಬಹಳ ಜನ ದಾರವನ್ನು ಹಳಿಗೆ ತಾಗಿಸಿಯೇ ಕಟ್ಟುತ್ತಾರೆ. ಹಳಿ ನಡುವೆ ಉಬ್ಬಿದ್ದರೆ ದಾರವೂ ಅದರ ಜೊತೆ ಬಾಗಿ, ಎಲ್ಲ ಸರಿ ಇದೆ ಎಂದು ಸುಳ್ಳು ಹೇಳುತ್ತದೆ. ಒಂದೇ ಹಲಗೆಯಿಂದ ಒಂದೇ ದಪ್ಪದ ಮೂರು ತುಂಡು ಕತ್ತರಿಸಿಕೊಳ್ಳಿ. ಎರಡನ್ನು ಎರಡು ತುದಿಯಲ್ಲಿ ಹಳಿಗೂ ದಾರಕ್ಕೂ ನಡುವೆ ಇಟ್ಟು ದಾರವನ್ನು ಬಿಗಿಯಾಗಿ ಎಳೆಯಿರಿ. ಮೂರನೆಯದನ್ನು ಎರಡಡಿಗೊಮ್ಮೆ ತೂರಿಸಿ ನೋಡುತ್ತ ಹೋಗಿ. ತುಂಡು ದಾರವನ್ನು ತಳ್ಳಿದರೆ ಅಲ್ಲಿ ಉಬ್ಬು, ಸಂದು ಬಿಟ್ಟರೆ ಅಲ್ಲಿ ತಗ್ಗು.

ಎಲ್ಲ ಸರಿಯಾದ ಮೇಲೆ ವೆಲ್ಡಿಂಗ್. ಒಂದು ತುದಿಯಿಂದ ಹಿಡಿದು ಒಂದೇ ಬದಿಗೆ ಸಾಲಾಗಿ ಬೆಸೆಯುತ್ತ ಹೋದರೆ ಬೆಸುಗೆ ತಣ್ಣಗಾಗಿ ಕುಗ್ಗುವಾಗ ಆಂಗಲ್ ಆ ಕಡೆಗೆ ಬಿಲ್ಲಾಗುತ್ತದೆ. ಎರಡು ಗಂಟೆ ದಾರ ಹಿಡಿದು ಮಾಡಿದ ಕೆಲಸ ಹತ್ತು ನಿಮಿಷದಲ್ಲಿ ಹಾಳು. ಒಮ್ಮೆ ಎಡಬದಿ, ಒಮ್ಮೆ ಬಲಬದಿ, ಒಮ್ಮೆ ಈ ತುದಿ, ಮತ್ತೊಮ್ಮೆ ಆ ತುದಿ ಎಂದು ಹಾರಿ ಹಾರಿ ಬೆಸೆದು, ನಡುನಡುವೆ ದಾರ ನೋಡಬೇಕು. ಆಂಗಲ್ ಅಂಗಡಿಯಲ್ಲಿ ಸಿಗುವುದು 20 ಅಡಿಯ ಉದ್ದಕ್ಕೆ. ನಮಗೆ 24 ಬೇಕಾದ್ದರಿಂದ ಒಂದು ಜೋಡಣೆ ಬಂದೇ ಬರುತ್ತದೆ. ಉದ್ದದ ತುಂಡನ್ನು ಬಾಯಿಯ ಕಡೆಯಿಂದ ಹಾಕುತ್ತ ಬಂದರೆ ಜೋಡಣೆ ಗೇಟು ಸರಿದು ನಿಲ್ಲುವ ಕಡೆಗೆ ಹೋಗುತ್ತದೆ, ಕಾರಿನ ಚಕ್ರದ ಕೆಳಗೆ ಬರುವುದಿಲ್ಲ. ಜೋಡಣೆಯನ್ನು ಗ್ರೈಂಡರಿನಲ್ಲಿ ಉಜ್ಜಿ, ಉಗುರು ಆಡಿಸಿದರೆ ತೊಡರದಷ್ಟು ನಯ ಮಾಡಬೇಕು.

ಕೊನೆಗೆ ಹಳ್ಳ ತುಂಬುವುದು. ಕವುಚಿದ ಆಂಗಲಿನ ಹೊಟ್ಟೆಯೊಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಮರೆಯುತ್ತಾರೆ. ಎರಡೂ ಕಡೆಯಿಂದ ಗಾರೆ ಮೆತ್ತಿದರೆ ಒಳಗೆ ಟೊಳ್ಳು ಉಳಿದು, ನೀರು ಸೇರಿ, ಹಳಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಸಣ್ಣ ಜಲ್ಲಿಯ ತೆಳು ಕಾಂಕ್ರೀಟನ್ನು ಒಂದೇ ಬದಿಯಿಂದ ಸುರಿಯುತ್ತ, ಅದು ಹಳಿಯ ಕೆಳಗೆ ನುಗ್ಗಿ ಇನ್ನೊಂದು ಬದಿಯಲ್ಲಿ ಎದ್ದು ಬರುವವರೆಗೂ ಬಿಡಬೇಕು. ಗಟ್ಟಿಯಾದ ಮೇಲೆ ಸುತ್ತಿಗೆಯಿಂದ ಹಳಿಯನ್ನು ತಟ್ಟುತ್ತ ಹೋದರೆ ಟೊಳ್ಳು ಇರುವ ಕಡೆ ಸದ್ದೇ ಬೇರೆಯಾಗುತ್ತದೆ. ಮಳೆನೀರು ಒಳಗಿನಿಂದ ರಸ್ತೆಗೆ ಹರಿಯುವ ಮನೆಯಾದರೆ ಈ 15 ಮಿ.ಮೀ. ಏಣೇ ಒಂದು ಕಟ್ಟೆಯಾಗುತ್ತದೆ. ಹಳಿಯ ಒಳಬದಿಗೆ ಸಣ್ಣ ಕಾಲುವೆ ಮಾಡಿ ಪಕ್ಕಕ್ಕೆ ನೀರು ಹೋಗಲು ದಾರಿ ಕೊಡಬೇಕು. ಒಂದು ವಾರ ನೀರುಣಿಸಿ, ಅದರ ಮೇಲೂ ಒಂದೆರಡು ವಾರ ಕಾರು ಹಾಯಿಸದಿದ್ದರೆ ಒಳ್ಳೆಯದು.

ಇನ್ನು ಚಕ್ರ. ಎರಡು ಸಾಕು, ಎರಡೇ ಇರಬೇಕು. "ಭಾರ ಜಾಸ್ತಿ, ಮಧ್ಯಕ್ಕೊಂದು ಹಾಕೋಣ" ಎಂಬ ಸಲಹೆ ಬಂದರೆ ಬೇಡ ಎನ್ನಿ. ಹಳಿ ಕೂದಲೆಳೆಯಷ್ಟೂ ತಪ್ಪದೆ ಮಟ್ಟವಿದ್ದರೆ ಮಾತ್ರ ಮೂರೂ ಚಕ್ರ ಭಾರ ಹಂಚಿಕೊಳ್ಳುತ್ತವೆ. ಇಲ್ಲದಿದ್ದರೆ ಉಬ್ಬು ಬಂದಲ್ಲಿ ನಡುಚಕ್ರ ಒಂದೇ ಗೇಟನ್ನು ಹೊತ್ತು, ಉಳಿದೆರಡರಲ್ಲಿ ಒಂದು ಗಾಳಿಯಲ್ಲಿ ತೇಲುತ್ತದೆ. ನಮ್ಮ ಗೇಟಿಗೆ ಎರಡಿಂಚಿನ ಸ್ಕ್ವೇರ್ ಪೈಪಿನ ಚೌಕಟ್ಟು 45 ಕೆ.ಜಿ.ಗೆ ಚೂರು ಹೆಚ್ಚು, 16 ಗೇಜ್ ಶೀಟು 70ಕ್ಕೆ ಚೂರು ಹೆಚ್ಚು, ಚಕ್ರ ಹಿಡಿ ಚಿಲಕ ಸೇರಿ 130. ಒಂದೊಂದು ಚಕ್ರಕ್ಕೆ 65 ಬಂತು. ಆದರೂ ಒಂದೊಂದೂ ಇಡೀ ಗೇಟನ್ನು ಹೊರುವಷ್ಟು ಗಟ್ಟಿಯಾಗಿರಬೇಕು: ನಾಲ್ಕು ಇಂಚು ವ್ಯಾಸ, ಒಳಗೆ ಎರಡು ಬೇರಿಂಗ್. ಒಂದೇ ಬೇರಿಂಗಿನ ಅಗ್ಗದ ಚಕ್ರ ಅಚ್ಚಿನ ಮೇಲೆ ಅತ್ತಿತ್ತ ಕುಣಿಯುತ್ತದೆ. ಚಕ್ರದ ಅಚ್ಚು ಬೋಲ್ಟಾಗಿರಲಿ. ಬೆಸೆದುಬಿಟ್ಟರೆ ಮುಂದೊಮ್ಮೆ ಬೇರಿಂಗ್ ಹೋದಾಗ ಗೇಟನ್ನೇ ಕತ್ತರಿಸಬೇಕಾಗುತ್ತದೆ. ಎರಡೂ ತುದಿಯಿಂದ ಒಂದೂವರೆ ಅಡಿ ಒಳಗೆ ಇವನ್ನು ಕೂರಿಸಿದರೆ ಸರಿಯಾಗುತ್ತದೆ.

ಆ ಎರಡು ಚಕ್ರದ ಗಾಡಿಗಳು ಒಂದೇ ಗೆರೆಯಲ್ಲಿರಬೇಕು, ಆ ಗೆರೆ ಚೌಕಟ್ಟಿನ ನಡುವಿಗೇ ಬರಬೇಕು. ಇದನ್ನು ಪರೀಕ್ಷಿಸಲು ಒಳ್ಳೆಯ ಕೆಲಸಗಾರರು ಒಂದು ಉಪಾಯ ಮಾಡುತ್ತಾರೆ. ಗೇಟನ್ನು ವರ್ಕ್‌ಶಾಪಿನಲ್ಲೇ ತಲೆಕೆಳಗಾಗಿ ನಿಲ್ಲಿಸಿ ಕಟ್ಟಿ, ನೇರವಾದ ಒಂದು ಆಂಗಲನ್ನು ಎರಡೂ ಚಕ್ರದ ಗಾಡಿಯೊಳಗೆ ಕೂರುವಂತೆ ಇಡುತ್ತಾರೆ. ಆಂಗಲ್ ಎರಡರಲ್ಲೂ ಅಲುಗಾಡದೆ ತುಂಬಿ ಕೂತರೆ ಚಕ್ರಗಳು ಸಾಲಿನಲ್ಲಿವೆ. ಒಂದರಲ್ಲಿ ಕೂತು ಇನ್ನೊಂದರಲ್ಲಿ ಅಂಚು ಹತ್ತಿದರೆ, ಬಣ್ಣ ಹೊಡೆಯುವ ಮುಂಚೆಯೇ ಚಕ್ರದ ಪೆಟ್ಟಿಗೆ ಸರಿಪಡಿಸಬಹುದು. ಮನೆ ಮುಂದೆ ಬಂದ ಮೇಲೆ ಯಾರೂ ಮಾಡುವುದಿಲ್ಲ.

ಗೇಟನ್ನು ಹಳಿಯ ಮೇಲೆ ಎತ್ತಿಡುವ ಮುನ್ನ ಎರಡೂ ತುದಿಯ ಸ್ಟಾಪರ್ ಬೆಸೆದಿರಬೇಕು. ಕೊನೆಗೆ ಮಾಡೋಣ ಎಂದು ಬಿಡುವ ಕೆಲಸವೇ ಇದು, ಆದರೆ ಮೇಲಿನ ಗೈಡ್ ಇಲ್ಲದೆ ಗೇಟು ಅತ್ಯಂತ ಅಪಾಯಕಾರಿಯಾಗಿರುವುದು ಇದೇ ಹೊತ್ತಿನಲ್ಲಿ. ಸ್ಲೈಡಿಂಗ್ ಗೇಟು ಹಳಿಯ ತುದಿ ದಾಟಿಯೋ ಗೈಡಿನಿಂದ ಜಾರಿಯೋ ಮಕ್ಕಳ ಮೇಲೆ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಓದಿರುತ್ತೇವೆ. ಸ್ಟಾಪರ್ ಎಂದರೆ ಒಂದು ತುಂಡು ಕಂಬಿಯಲ್ಲ. ಓಡಿಬಂದ 130 ಕೆ.ಜಿ.ಯನ್ನು ತಡೆಯುವಂಥ ದಪ್ಪ ಪಟ್ಟಿ, ದೂಲದೊಳಗಿನ ಕಂಬಿಗೆ ಬೆಸೆದದ್ದು. ಗೇಟು ಏರಿಸುವ ದಿನ ಮಕ್ಕಳನ್ನು ಹತ್ತಿರ ಬಿಡಬಾರದು. ಎರಡೂ ಬದಿಗೆ ಇಬ್ಬಿಬ್ಬರು ಹಿಡಿದಿರಬೇಕು.

ಹೀಗೆ ಹಿಡಿದುಕೊಂಡೇ, ಮೇಲಿನ ರೋಲರ್ ಇನ್ನೂ ಹಾಕದೆ, ಗೇಟನ್ನು ನಿಧಾನವಾಗಿ ಓಡಿಸಿ ನೋಡಬೇಕು. ಇಡೀ ಕೆಲಸದ ಪರೀಕ್ಷೆ ಇದೇ. ಗೇಟನ್ನು ಮುಚ್ಚಿದ ಸ್ಥಿತಿಗೆ ತಂದು, ಚೌಕಟ್ಟಿಗೆ ರಸಮಟ್ಟವನ್ನು ನೆಟ್ಟಗೆ ಹಿಡಿದು ಗೇಟನ್ನು ನೇರ ನಿಲ್ಲಿಸಿ. ಕಂಬದಲ್ಲಿ ಬ್ರ್ಯಾಕೆಟ್ ಬರುವ ಜಾಗದಿಂದ ಗೇಟಿನ ಮೇಲುಪೈಪಿನ ಮುಖಕ್ಕೆ ಎಷ್ಟು ದೂರ ಎಂದು ಅಳೆದು ಬರೆದಿಡಿ. ಗೇಟು ಅರ್ಧ ತೆರೆದಾಗ ಒಮ್ಮೆ, ಪೂರ್ತಿ ತೆರೆದಾಗ ಒಮ್ಮೆ ಹೀಗೇ ಅಳೆಯಿರಿ. ಮೂರೂ ಅಳತೆ ಎರಡು ಮಿ.ಮೀ. ಒಳಗೆ ಹೊಂದಿದರೆ ರೋಲರ್ ಹಾಕಬಹುದು. ನಡುವಿನ ಅಳತೆ ಎಂಟು ಮಿ.ಮೀ. ಬೇರೆ ಬಂದರೆ ರೋಲರನ್ನು ಮುಟ್ಟಲೇಬೇಡಿ. ಹಳಿ ಬಾಗಿದೆ, ಇಲ್ಲವೇ ವೆಲ್ಡಿಂಗ್ ಶಾಖಕ್ಕೆ ಗೇಟಿನ ಮೇಲುಪೈಪು ಬಾಗಿದೆ. ಯಾವುದು ಎಂದು ತಿಳಿಯಲು ಅದೇ ಮೂರು ಹಲಗೆ ತುಂಡು ಮತ್ತು ದಾರವನ್ನು ಮೇಲುಪೈಪಿಗೆ ಕಟ್ಟಿ ನೋಡಿದರಾಯಿತು. ಪೈಪು ನೇರವಿದ್ದರೆ ಉಳಿದದ್ದು ಹಳಿ.

ರೋಲರಿನ ಬ್ರ್ಯಾಕೆಟ್ ಬರೀ ಇಟ್ಟಿಗೆಗೆ ಹೊಡೆದ ಆಂಕರ್ ಬೋಲ್ಟಿನಲ್ಲಿ ನಿಂತರೆ ವರ್ಷದೊಳಗೆ ಸಡಿಲವಾಗುತ್ತದೆ. ಇದಕ್ಕೆ ಕಾರಣ ಗೇಟಿನ ತೂಕವಲ್ಲ, ಗಾಳಿ. ಪೂರ್ತಿ ಶೀಟು ಹೊದಿಸಿದ 65 ಚದರ ಅಡಿಯ ಗೇಟಿನ ಮೇಲೆ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಸುಮಾರು 50 ಕೆ.ಜಿ.ಯಷ್ಟು ಒತ್ತುತ್ತದೆ, ಅದರಲ್ಲಿ ಅರ್ಧ ಬುಡದ ಹಳಿಗೆ, ಇನ್ನರ್ಧ ಮೇಲಿನ ಹಿಡಿತಕ್ಕೆ. ಮುಚ್ಚಿದಾಗ ಒಂದು ಪಾಲನ್ನು ಎದುರಿನ ಕ್ಯಾಚರ್ ಹಂಚಿಕೊಳ್ಳುತ್ತದೆ. ಅರ್ಧ ತೆರೆದಾಗ ಎಲ್ಲವೂ ಆ ಒಂದೇ ಬ್ರ್ಯಾಕೆಟಿನ ಮೇಲೆ. ಆದ್ದರಿಂದ ಈಚೆಯ ಕಂಬ ಕಾಂಕ್ರೀಟಿನದಾಗಿರಲಿ, ಅದರೊಳಗೆ ಬ್ರ್ಯಾಕೆಟಿನ ಪ್ಲೇಟು ಮೊದಲೇ ಕೂತಿರಲಿ. ಬ್ರ್ಯಾಕೆಟ್ಟಿಗೆ ಎರಡು ಜೊತೆ, ಅಂದರೆ ನಾಲ್ಕು ರೋಲರ್ ಇರಲಿ, ಜೊತೆಗಳ ನಡುವೆ ಐದಾರು ಇಂಚು. ಒಂದು ಜೊತೆ ಬಿಟ್ಟುಹೋದರೂ ಇನ್ನೊಂದು ಹಿಡಿದಿರುತ್ತದೆ. ಗೋಡೆಗೂ ಗೇಟಿಗೂ ಎರಡು ಇಂಚಾದರೂ ಸಂದು ಬಿಡಬೇಕು. ಗೃಹಪ್ರವೇಶದ ಹೊತ್ತಿಗೆ ಕಾಂಪೌಂಡಿನ ಒಳಮೈಗೂ ಟೈಲ್ಸೋ ಕಲ್ಲೋ ಅಂಟಿಸುವ ಉದ್ದೇಶವಿದ್ದರೆ ಅದರ ದಪ್ಪ, ಗಾರೆಯ ದಪ್ಪ ಎರಡನ್ನೂ ಸೇರಿಸಿ ಈಗಲೇ ಹೇಳಬೇಕು. ನಾಲ್ಕು ಸೆಂಟಿಮೀಟರ್ ಹೀಗೆ ಸದ್ದಿಲ್ಲದೆ ಹೋಗುತ್ತದೆ.

ರೋಲರಿಗೂ ಪೈಪಿಗೂ ನಡುವೆ ಬೇಕಾದ ಸಂದು ಪ್ರತಿ ಬದಿಗೆ ಒಂದರಿಂದ ಒಂದೂವರೆ ಮಿ.ಮೀ. ಅಳೆಯಲು ಎರಡು ಹ್ಯಾಕ್ಸಾ ಬ್ಲೇಡುಗಳನ್ನು ಹಲ್ಲು ಹೊರಗಿರುವಂತೆ ಜೋಡಿಸಿ ತೂರಿಸಿದರೆ ಸರಿಸುಮಾರು ಅಷ್ಟೇ ಆಗುತ್ತದೆ. ಬ್ಲೇಡು ಜಾರಬೇಕು, ಕಚ್ಚಬಾರದು. ಸಂದು ಇಲ್ಲದೆ ಒತ್ತಿಟ್ಟರೆ ಬಣ್ಣದ ಒಂದು ಪದರ ಹೆಚ್ಚಾದರೂ ಗೇಟು ಬಿಗಿಯುತ್ತದೆ, ಐದಾರು ಮಿ.ಮೀ. ಬಿಟ್ಟರೆ ಗಾಳಿಗೆ ರಾತ್ರಿಯೆಲ್ಲ ಟಕಟಕ ಎನ್ನುತ್ತದೆ.

ಓಡಲು ಶುರುವಾದ ಮೇಲೆ ಗೇಟು ತನ್ನ ಕಾಯಿಲೆಯನ್ನು ಸವೆತದ ಗುರುತಿನಲ್ಲಿ ಬರೆದಿಡುತ್ತದೆ. ಒಂದೇ ಬದಿಯ ರೋಲರುಗಳು ಸವೆದಿದ್ದು ಇನ್ನೊಂದು ಬದಿಯವು ಹೊಸದರಂತಿದ್ದರೆ ಗೇಟು ಉದ್ದಕ್ಕೂ ಒಂದೇ ಕಡೆ ವಾಲಿಕೊಂಡಿದೆ. ಬ್ರ್ಯಾಕೆಟ್ ಹಳಿಯ ನೇರಕ್ಕಿಲ್ಲ ಅಥವಾ ಚಕ್ರ ಚೌಕಟ್ಟಿನ ನಡುವಿಗಿಲ್ಲ. ಸ್ಪ್ಯಾನರಿನಿಂದ ಸರಿಹೋಗುವ ಕಾಯಿಲೆ ಇದ್ದರೆ ಇದೊಂದೇ. ಎರಡೂ ಬದಿ ಸವೆದು, ಗೇಟು ದಾರಿಯ ಒಂದೇ ಜಾಗದಲ್ಲಿ ಬಿಗಿಯುತ್ತಿದ್ದರೆ ಹಳಿಯನ್ನೋ ಮೇಲುಪೈಪನ್ನೋ ದಾರ ಕಟ್ಟಿ ನೋಡಬೇಕು. ಚಕ್ರದ ಗಾಡಿಯಲ್ಲಿ ಒಂದು ಕೆನ್ನೆ ಮಾತ್ರ ಕನ್ನಡಿಯಂತೆ ಹೊಳೆಯುತ್ತಿದ್ದರೆ ಎರಡು ಚಕ್ರ ಒಂದೇ ಗೆರೆಯಲ್ಲಿಲ್ಲ. ಹಳಿಯ ನೆತ್ತಿಯೇ ಚಪ್ಪಟೆಯಾಗಿ ಹೊಳೆಯುತ್ತಿದ್ದರೆ ಚಕ್ರ ಆಂಗಲಿಗೆ ಹೊಂದುವುದಿಲ್ಲ. ವಿ ಚಕ್ರ ಕೂರಬೇಕಾದ್ದು ಎರಡು ಇಳಿಜಾರಿನ ಮೇಲೆ, ನೆತ್ತಿಯ ಮೇಲಲ್ಲ. ಮತ್ತೊಂದು ಮಾತು: ಸದ್ದು ಬಂತೆಂದು ಹಳಿಗೆ ಗ್ರೀಸ್ ಬಳಿಯಬೇಡಿ. ಧೂಳು ಮೆತ್ತಿಕೊಂಡು ಉಪ್ಪುಕಾಗದವಾಗುತ್ತದೆ. ಗ್ರೀಸ್ ಬೇರಿಂಗಿಗೆ, ಹಳಿಗೆ ಪೊರಕೆ.

ಮೋಟರ್ ಹಾಕಿಸುವವರು ಇದನ್ನೆಲ್ಲ ಮೊದಲೇ ನೋಡಿಕೊಳ್ಳಬೇಕು. ಕೈಯಿಂದ ತಳ್ಳುವಾಗ ತೋಳಿಗೆ ತಿಳಿಯುವ ಬಿಗಿತವನ್ನು ಮೋಟರ್ ದಿನವೂ ಸದ್ದಿಲ್ಲದೆ ನುಂಗುತ್ತದೆ, ಅದರ ಹಲ್ಲುಚಕ್ರ ಸವೆದ ಮೇಲಷ್ಟೇ ಗೊತ್ತಾಗುತ್ತದೆ.

ವೆಲ್ಡರಿಗೆ ಉಳಿದ ಹಣ ಕೊಡುವ ಮುಂಚೆ ಮಾಡಬೇಕಾದ ಒಂದು ಪರೀಕ್ಷೆಗೆ ಬೇಕಾದದ್ದು ವಿಮಾನ ಪ್ರಯಾಣಕ್ಕೆ ಬ್ಯಾಗು ತೂಗುವ ಕೈತಕ್ಕಡಿ. ಅದನ್ನು ಗೇಟಿನ ಹಿಡಿಗೆ ಕೊಂಡಿ ಹಾಕಿ, ಗೇಟನ್ನು ಒಂದೇ ನಿಧಾನಗತಿಯಲ್ಲಿ ಎಳೆಯುತ್ತ ಅಂಕಿ ನೋಡಿ. ಹೊರಡುವಾಗ ಸ್ವಲ್ಪ ಹೆಚ್ಚು ತೋರಿಸುವುದು ಸಹಜ. ಆಮೇಲೆ 130 ಕೆ.ಜಿ. ಗೇಟಿಗೆ ಮೂರು ನಾಲ್ಕು ಕೆ.ಜಿ. ಆಸುಪಾಸಿನಲ್ಲಿ ಒಂದೇ ಸಮನಾಗಿ ನಿಂತರೆ ಚೆನ್ನ. ಒಂದು ಜಾಗದಲ್ಲಿ ಎಂಟಕ್ಕೆ ಜಿಗಿದರೆ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಬಳಿಕ ಇನ್ನೊಂದು ದಿಕ್ಕಿಗೂ ಎಳೆಯಿರಿ. ತೆರೆಯುವಾಗ ಎರಡು ಕೆ.ಜಿ., ಮುಚ್ಚುವಾಗ ಐದು ಬಂತು ಎನ್ನೋಣ. ವ್ಯತ್ಯಾಸ ಮೂರು, ಅದರ ಅರ್ಧ ಒಂದೂವರೆ ಕೆ.ಜಿ. ಇಳಿಜಾರಿನ ಎಳೆತ. 130ರಲ್ಲಿ ಒಂದೂವರೆ ಎಂದರೆ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು, 24 ಅಡಿಯ ಹಳಿಯಲ್ಲಿ ಮೂರು ಇಂಚಿಗೂ ಮೇಲ್ಪಟ್ಟ ಇಳಿತ. ಇಷ್ಟು ಬಂದರೆ ವೆಲ್ಡರ್ ಜೇಬಿನಿಂದ ಸ್ಪ್ಯಾನರ್ ತೆಗೆಯುವ ಮುನ್ನ ಅವನ ಕೈಗೆ ಟ್ಯೂಬ್ ಲೆವೆಲ್ ಕೊಡಿ.